ಬಾಡಿಗೆ ಇನ್ನು ಯಾರ ಕೈಗೆ? ಬಿಜೈಯ ಒಂದು ಕಾಂಪೌಂಡಿನ ಪ್ರಕರಣ

ಜುಲೈ 7ರ ಬೆಳಿಗ್ಗೆ ಅವಳು ನಮ್ಮ ಕಚೇರಿಗೆ ಬಂದಾಗ ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ ಇತ್ತು. ಮಳೆಗೆ ಒದ್ದೆಯಾಗಬಾರದೆಂದು ಎರಡು ಸುತ್ತು ಸುತ್ತಿ ತಂದಿದ್ದಳು. ಒಳಗೆ ತೀರಿಹೋದ ಅಪ್ಪನ ಬಾಡಿಗೆ ಪುಸ್ತಕ, ಅಪ್ಪನ ಹೆಸರಿಗೆ ಬರೆದ ಒಂದು ಚೆಕ್, ನೋಟುಗಳಿದ್ದ ಒಂದು ಕವರ್. ಚೀಲ ಬಿಚ್ಚುತ್ತಲೇ ಹೇಳಿದಳು: "ಅಕ್ಕ, ನಾನು ಎಲ್ಲರಿಗೂ ಮೆಸೇಜ್ ಹಾಕಿದ್ದೆ. ಒಬ್ಬರೂ ಸರಿಯಾಗಿ ಕೊಡ್ಲಿಲ್ಲ. ಎಂತ ತಪ್ಪಾಯ್ತು ಅಂತಲೇ ಗೊತ್ತಾಗ್ತಿಲ್ಲ."

ನಾನು ಮಂಗಳೂರಿನ ಒಂದು ವಕೀಲರ ಕಚೇರಿಯಲ್ಲಿ ನೋಟೀಸು, ಕರಾರು, ಕಾಗದ ಬರೆದುಕೊಂಡು ಬಂದವಳು. ಮನೆ ಮಾಲೀಕರು ತೀರಿಹೋದ ಮೇಲೆ ಬಾಡಿಗೆದಾರರಿಗೆ ಕಾಗದ ಬರೆಯುವ ಕೆಲಸ ವರ್ಷಕ್ಕೆ ಒಂದೆರಡು ಸಲ ಬಂದೇ ಬರುತ್ತದೆ. ಈ ಒಂದು ಪ್ರಕರಣವನ್ನು ಪೂರ್ತಿ ಬರೆದಿಡುತ್ತಿದ್ದೇನೆ. ಯಾಕೆಂದರೆ ಒಂದೇ ಕಾಂಪೌಂಡಿನಲ್ಲಿ ನಾಲ್ಕು ಬಗೆಯ ತೊಡಕು ಒಟ್ಟಿಗೇ ಬಂದಿತ್ತು. ಅವಳ ಒಪ್ಪಿಗೆ ಕೇಳಿದ್ದೇನೆ. ಹೆಸರುಗಳನ್ನು ಬಿಟ್ಟಿದ್ದೇನೆ.

ಬಿಜೈಯಲ್ಲಿ ಅವರ ಹಳೇ ಹೆಂಚಿನ ಮನೆ. ಅದೇ ಕಾಂಪೌಂಡಿನಲ್ಲಿ ಅಪ್ಪ ತನ್ನ ದುಡಿಮೆಯಿಂದ ಕಟ್ಟಿಸಿದ ಎರಡಂತಸ್ತಿನ ಕಟ್ಟಡ. ನಾಲ್ಕು ಬಾಡಿಗೆದಾರರು. ಕೆಳಗಿನ ಮನೆಯಲ್ಲಿ ನಿವೃತ್ತ ಟೀಚರ್, 14 ವರ್ಷದಿಂದ ಇದ್ದಾರೆ. ಬಾಡಿಗೆ 6,500, ಪ್ರತಿ 5ನೇ ತಾರೀಕು ನಗದು. ಕರಾರು ಪತ್ರ ಇಲ್ಲ, ಎಲ್ಲ ಬಾಯಿ ಮಾತು. ಮೇಲಿನ ಮನೆಯಲ್ಲಿ ಐಟಿ ಕಂಪನಿಯ ಹುಡುಗ ಮತ್ತು ಹೆಂಡತಿ. ಧಾರವಾಡ ಕಡೆಯವರು. ಬಾಡಿಗೆ 11,000, ಅಪ್ಪನ ನಂಬರಿಗೆ ಯುಪಿಐ. 11 ತಿಂಗಳ ಕರಾರು ಉಂಟು. ಪಕ್ಕದ ಮನೆಯವರು ಗಲ್ಫ್‌ನಲ್ಲಿ. ಮನೆಗೆ ಬೀಗ, ವರ್ಷಕ್ಕೊಮ್ಮೆ ಬರುತ್ತಾರೆ. 9,000 ಬ್ಯಾಂಕಿನಿಂದ ಬ್ಯಾಂಕಿಗೆ ತನ್ನಷ್ಟಕ್ಕೆ ಹೋಗುವ ಹಾಗೆ ಮಾಡಿದ್ದಾರೆ. ರಸ್ತೆ ಬದಿಯ ಕೋಣೆಯಲ್ಲಿ ಟೈಲರ್ ಅಂಗಡಿ. 8,000, ಚೆಕ್ಕು.

ಆ ತಿಂಗಳ ಬಾಡಿಗೆ ಮುಂದಿನ ತಿಂಗಳ 5ರೊಳಗೆ. ಇದು ಅಪ್ಪನ ಕ್ರಮ.

ಅಪ್ಪ ಜೂನ್ 18ರಂದು ಆಸ್ಪತ್ರೆಯಲ್ಲಿ ತೀರಿಕೊಂಡರು. ನಾಲ್ಕನೇ ದಿನ, ಮನೆ ತುಂಬ ಜನ ಇರುವಾಗ, ಇವಳು ಒಂದು ಮೂಲೆಯಲ್ಲಿ ಕೂತು ನಾಲ್ವರಿಗೂ ಒಂದೇ ವಾಟ್ಸಾಪ್ ಕಳಿಸಿದಳು. ಅದನ್ನು ನನಗೆ ತೋರಿಸಿದಳು: "ಅಪ್ಪ ತೀರಿಕೊಂಡರು. ಇನ್ನು ಮುಂದೆ ಬಾಡಿಗೆಯನ್ನು ಈ ನಂಬರಿಗೆ ಕಳಿಸಿ." ಕೆಳಗೆ ಅವಳದ್ದೇ ನಂಬರ್. ಅಷ್ಟೇ.

ಅವಳನ್ನು ನಾನು ತಪ್ಪು ಎನ್ನುವುದಿಲ್ಲ. ಆಸ್ಪತ್ರೆಯ ಬಿಲ್ಲು, ಉತ್ತರಕ್ರಿಯೆಯ ಖರ್ಚು, ಅಮ್ಮನ ಔಷಧ ಎಲ್ಲ ಒಟ್ಟಿಗೇ ಬಂದಿತ್ತು. ಆದರೆ ಆ ಎರಡು ಸಾಲನ್ನು ಓದುವವರ ಜಾಗದಲ್ಲಿ ಕೂತು ನೋಡಿ. ಮೇಲಿನ ಮನೆಯ ಹುಡುಗನ ಫೋನಿನಲ್ಲಿ ಅವಳ ನಂಬರೇ ಇರಲಿಲ್ಲ. ಗೊತ್ತಿಲ್ಲದ ನಂಬರಿನಿಂದ "ಹಣ ಇಲ್ಲಿ ಹಾಕಿ" ಎಂಬ ಮೆಸೇಜ್ ಬಂದರೆ ಈಗಿನ ಕಾಲದಲ್ಲಿ ಯಾರು ನಂಬುತ್ತಾರೆ? ಯಜಮಾನರು ಹೋದದ್ದು ಅವನಿಗೆ ಗೊತ್ತಿತ್ತು, ಕೈಮುಗಿದು ಬಂದಿದ್ದ. ಆದರೆ ಆ ನಂಬರ್ ಮಗಳದ್ದೇ ಎಂದು ಹೇಗೆ ತಿಳಿಯಬೇಕು? ಸಾವಿನ ಮನೆಗೆ ಹೋಗಿ ದುಡ್ಡಿನ ವಿಷಯ ಕೇಳಲು ಸಂಕೋಚ. ಜುಲೈ 1ಕ್ಕೆ ಎಂದಿನಂತೆ ಅಪ್ಪನ ಯುಪಿಐಗೇ 11,000 ಹಾಕಿದ. ಜುಲೈ 3ಕ್ಕೆ ಅಣ್ಣ ಮರಣ ಪತ್ರ ಹಿಡಿದು ಬ್ಯಾಂಕಿಗೆ ಹೋದ. ಖಾತೆ ನಿಂತಿತು. ಆ 11,000 ಒಳಗೇ ಉಳಿಯಿತು.

ಟೀಚರ್ 5ನೇ ತಾರೀಕು ಕವರಿನಲ್ಲಿ ಹಣ ತಂದು ಅಮ್ಮನ ಕೈಗೆ ಕೊಟ್ಟರು. ಅಮ್ಮ ಅದನ್ನು ದೇವರ ಕೋಣೆಯ ಕಪಾಟಿನಲ್ಲಿಟ್ಟು ಮರೆತರು. ರಶೀದಿ ಇಲ್ಲ, ಪುಸ್ತಕದಲ್ಲಿ ಬರೆಯಲೂ ಇಲ್ಲ.

ಟೈಲರ್ ಅಂಗಡಿಯವರ ಕಥೆ ಬೇರೆ. ಅಪ್ಪ ಆಸ್ಪತ್ರೆಯಲ್ಲಿದ್ದ ಎರಡು ತಿಂಗಳು ಚಿಕ್ಕಪ್ಪ ಓಡಾಡಿದ್ದರು, ಬಾಡಿಗೆ ಚೆಕ್ಕನ್ನೂ ಅವರೇ ತೆಗೆದುಕೊಂಡು ಹೋಗುತ್ತಿದ್ದರು. ಅವರು ಒಳ್ಳೇ ಮನಸ್ಸಿನಿಂದಲೇ ಅಂಗಡಿಗೆ ಹೋಗಿ "ಇನ್ನು ನನ್ನ ಹತ್ತಿರ ಕೊಡಿ, ನಾನು ಅತ್ತಿಗೆಗೆ ಮುಟ್ಟಿಸ್ತೇನೆ" ಎಂದಿದ್ದರು. ಇತ್ತ ಮಗಳ ಮೆಸೇಜ್. ಟೈಲರ್‌ಗೆ ಗೊಂದಲ. ಯಾರನ್ನೂ ನೋಯಿಸುವುದು ಬೇಡ ಎಂದು ತೀರಿಹೋದವರ ಹೆಸರಿಗೇ ಚೆಕ್ ಬರೆದು ಮನೆಗೆ ಕಳಿಸಿಬಿಟ್ಟರು. ಆ ಚೆಕ್ಕನ್ನು ಹಾಕಲು ಖಾತೆಯೇ ಇಲ್ಲ.

ನನಗೆ ತುಂಬ ಬೇಸರವಾದದ್ದು ಗಲ್ಫ್‌ನವರದ್ದು. ಅವಳ ಹತ್ತಿರ ಇದ್ದದ್ದು ಅವರ ಹಳೇ ಊರಿನ ನಂಬರ್. ಮೆಸೇಜ್ ಹೋಗಿ ಒಂದೇ ಟಿಕ್ ಮಾರ್ಕಿನಲ್ಲಿ ನಿಂತಿತ್ತು. ಜುಲೈ 5ಕ್ಕೆ ಅವರ 9,000 ಹೊರಟು ವಾಪಸ್ ಬಂತು. ಕಾರಣ ಏನೆಂದು ನೋಡಿದರೆ, ಖಾತೆದಾರರು ತೀರಿಕೊಂಡಿದ್ದಾರೆ ಎಂಬ ಒಂದು ಸಾಲು. ಹತ್ತು ವರ್ಷ ಬಲ್ಲ ಮನುಷ್ಯ ಇಲ್ಲ ಎಂದು ಅವರಿಗೆ ತಿಳಿದದ್ದು ಹೀಗೆ. ಆ ರಾತ್ರಿಯೇ ಫೋನ್ ಮಾಡಿ ಅತ್ತುಬಿಟ್ಟರಂತೆ. "ನನಗೊಂದು ಮಾತು ಹೇಳ್ಬಾರದಿತ್ತಾ" ಎಂದರಂತೆ.

ಬ್ಯಾಂಕ್ ಮಾಡಿದ್ದು ತಪ್ಪಲ್ಲ. ಖಾತೆದಾರರು ತೀರಿದ ಮೇಲೆ ಬರುವ ಹಣಕ್ಕೆ ರಿಸರ್ವ್ ಬ್ಯಾಂಕಿನ ನಿಯಮದಲ್ಲಿ ಎರಡು ದಾರಿ ಉಂಟು. ನಾಮಿನಿ ಅಥವಾ ಜಂಟಿ ಖಾತೆಯ ಇನ್ನೊಬ್ಬರು ಒಪ್ಪಿಗೆ ಕೊಟ್ಟರೆ ತೀರಿದವರ ಎಸ್ಟೇಟ್ ಎಂಬ ಹೆಸರಿನಲ್ಲಿ ಬೇರೆ ಖಾತೆ ತೆರೆದು ಅದಕ್ಕೆ ಹಾಕಬಹುದು. ಇಲ್ಲದಿದ್ದರೆ ಕಾರಣ ಬರೆದು ಕಳಿಸಿದವರಿಗೇ ಹಿಂತಿರುಗಿಸಬೇಕು. ಆದ್ದರಿಂದ ಬ್ಯಾಂಕಿಗೆ ಮರಣ ಪತ್ರ ಕೊಡುವ ಮೊದಲು, ಆ ಖಾತೆಗೆ ತಿಂಗಳು ತಿಂಗಳು ಹಣ ಹಾಕುವವರು ಯಾರು ಯಾರು ಎಂದು ಪಾಸ್‌ಬುಕ್ಕಿನಲ್ಲಿ ನೋಡಿ ಅವರಿಗೆಲ್ಲ ಮೊದಲು ಫೋನ್ ಮಾಡಬೇಕು. ಇದೊಂದನ್ನು ಅಣ್ಣ ತಂಗಿ ಮಾಡಿದ್ದರೆ ಆ ರಾತ್ರಿಯ ಫೋನ್ ಬರುತ್ತಿರಲಿಲ್ಲ.

ಅವಳ ಮೊದಲ ಪ್ರಶ್ನೆ ಇದು: "ಮೇಲಿನ ಮನೆಯವನ ಹತ್ತಿರ ಇನ್ನೊಮ್ಮೆ ಕೊಡಿ ಅಂತ ಕೇಳಬಹುದಾ? ನಾನು ಮೊದಲೇ ಹೇಳಿದ್ದೆ ಅಲ್ವಾ."

ಕೇಳಬಾರದು ಎಂದೆ. ಆಸ್ತಿ ವರ್ಗಾವಣೆ ಕಾಯ್ದೆ 1882ರ 50ನೇ ಕಲಂ ಬಾಡಿಗೆದಾರನ ಪರವಾಗಿಯೇ ಇದೆ. ಯಾರಿಂದ ಮನೆ ಪಡೆದನೋ ಅವರಿಗೆ ಒಳ್ಳೇ ನಂಬಿಕೆಯಿಂದ ಬಾಡಿಗೆ ಕೊಟ್ಟವನನ್ನು, ಆಮೇಲೆ ಹಕ್ಕು ಬೇರೆಯವರದ್ದು ಎಂದು ತಿಳಿದರೂ, ಪುನಃ ಕೊಡು ಎನ್ನುವಂತಿಲ್ಲ. ಅವಳ ಎರಡು ಸಾಲಿನ ಮೆಸೇಜನ್ನು ಸರಿಯಾದ ತಿಳಿವಳಿಕೆ ಎಂದು ಯಾರೂ ಒಪ್ಪಲಿಕ್ಕಿಲ್ಲ. ಹಕ್ಕುದಾರರು ಯಾರು, ಉಳಿದವರು ಒಪ್ಪಿದ್ದಾರಾ, ಪುರಾವೆ ಏನು, ಯಾವುದೂ ಅದರಲ್ಲಿ ಇಲ್ಲ. ಮೇಲಾಗಿ ಆ ಹಣ ಎಲ್ಲಿಗೂ ಹೋಗಿಲ್ಲ, ಅಪ್ಪನ ಖಾತೆಯಲ್ಲೇ ಇದೆ. ಅಮ್ಮ ನಾಮಿನಿ. ನಾಮಿನಿ ಇದ್ದರೆ ಮರಣ ಪತ್ರ, ಗುರುತಿನ ದಾಖಲೆ, ಕ್ಲೇಮ್ ಫಾರಂ ಸಾಕು, ಕೋರ್ಟಿನ ವಾರಸಾ ಪ್ರಮಾಣಪತ್ರಕ್ಕೆ ಹಠ ಹಿಡಿಯುವಂತಿಲ್ಲ. ಹಣ ಅಮ್ಮನ ಕೈಗೆ ಬಂದರೂ ಅದು ಎಲ್ಲ ವಾರಸುದಾರರ ಪರವಾಗಿ ಬರುವ ಹಣ ಎಂಬುದು ನೆನಪಿರಬೇಕು, ಅಷ್ಟೆ.

ಆದರೆ ಟೈಲರ್ ಚಿಕ್ಕಪ್ಪನಿಗೆ ಹಣ ಕೊಟ್ಟಿದ್ದರೆ? ಆಗ ಈ ರಕ್ಷಣೆ ಅವರಿಗೆ ಇರುತ್ತಿರಲಿಲ್ಲ. ಅವರು ಅಂಗಡಿ ಪಡೆದದ್ದು ಚಿಕ್ಕಪ್ಪನಿಂದ ಅಲ್ಲ. ನಾಳೆ ಮಕ್ಕಳು "ನಮಗೆ ಬಂದಿಲ್ಲ" ಎಂದರೆ ಟೈಲರ್ ಸಿಕ್ಕಿಹಾಕಿಕೊಳ್ಳುತ್ತಾರೆ. ಇದನ್ನು ಹೇಳಿದಾಗ ಅವಳು ಸ್ವಲ್ಪ ಹೊತ್ತು ಸುಮ್ಮನೆ ಕೂತಳು. ಬಾಡಿಗೆ ನಮಗೆ ಬರಲಿ ಎಂದಷ್ಟೇ ಅವಳು ಯೋಚಿಸಿದ್ದಳು. ಕೊಡುವವರಿಗೂ ಭಯ ಇರುತ್ತದೆ, ಸರಿಯಾದ ಕೈಗೆ ಕೊಟ್ಟೆ ಎಂಬ ಆಧಾರ ಅವರಿಗೂ ಬೇಕು ಎಂದು ಹೊಳೆದಿರಲಿಲ್ಲ. ನಾವು ಬರೆಯಬೇಕಾದ ಕಾಗದ ಆ ಆಧಾರವೇ ಆಗಬೇಕಿತ್ತು.

ಕಾಗದಕ್ಕೆ ಮೊದಲು ಎರಡು ವಿಷಯ ತೀರ್ಮಾನ ಆಗಬೇಕಿತ್ತು. ಒಂದು, ವಾರಸುದಾರರು ಯಾರು. ಅಪ್ಪ ವಿಲ್ ಬರೆದಿರಲಿಲ್ಲ. ಅಜ್ಜಿ ಇಲ್ಲ. ಸ್ವಂತ ದುಡಿಮೆಯ ಆಸ್ತಿ. ಹಿಂದೂ ಉತ್ತರಾಧಿಕಾರ ಕಾಯ್ದೆ 1956ರ ಪ್ರಕಾರ ಅಮ್ಮ, ಮಗ, ಮಗಳು ಮೂವರಿಗೂ ಸಮಪಾಲು. ನಮ್ಮ ಊರಿನಲ್ಲಿ ಎಲ್ಲ ಧರ್ಮದವರೂ ಇದ್ದೇವೆ, ಆದ್ದರಿಂದ ಒಂದು ಮಾತು: ಕ್ರೈಸ್ತರಲ್ಲಿ ಹೆಂಡತಿಗೆ ಮೂರರಲ್ಲಿ ಒಂದು, ಉಳಿದದ್ದು ಮಕ್ಕಳಿಗೆ. ಮುಸ್ಲಿಮರ ಪಾಲಿನ ಲೆಕ್ಕ ಬೇರೆಯೇ. ಪಾಲು ಎಷ್ಟು ಎಂದು ಬಾಡಿಗೆದಾರರಿಗೆ ಬರೆಯುವ ಅಗತ್ಯ ಇಲ್ಲ. ಆದರೆ ಸಹಿ ಹಾಕುವವರಲ್ಲಿ ಒಬ್ಬರೂ ತಪ್ಪಬಾರದು.

ಎರಡು, ಯಾವ ಖಾತೆ. "ನನ್ನ ಖಾತೆಗೇ ಬರಲಿ, ನಾನು ಹಂಚ್ತೇನೆ" ಎಂದಳು. ಬೇಡ ಎಂದೆ. ನಾಲ್ಕೂ ಸೇರಿ ತಿಂಗಳಿಗೆ 34,500. ವರ್ಷಕ್ಕೆ 4,14,000. ಅಷ್ಟೂ ಅವಳ ಸಂಬಳದ ಖಾತೆಗೆ ಬಂದರೆ ಎಲ್ಲ ಅವಳದ್ದೇ ಆದಾಯ ಎಂಬಂತೆ ಕಾಣುತ್ತದೆ. ನಿಜವಾಗಿ ಮೂವರೂ ತಮ್ಮ ತಮ್ಮ ಪಾಲನ್ನು ತಮ್ಮ ತಮ್ಮ ರಿಟರ್ನ್‌ನಲ್ಲಿ ತೋರಿಸಬೇಕು. ಅದಕ್ಕಿಂತ ಹೆಚ್ಚಾಗಿ, ಗಂಡನನ್ನು ಕಳೆದುಕೊಂಡ ಅಮ್ಮ ತಿಂಗಳ ಖರ್ಚಿಗೆ ಮಗಳ ಹತ್ತಿರ ಕೈಚಾಚುವ ಹಾಗೆ ಆಗಬಾರದು. ಅಮ್ಮನ ಹೆಸರು ಮೊದಲು, ಮಗಳ ಹೆಸರು ಎರಡನೆಯದು ಹಾಕಿ, ಯಾರೊಬ್ಬರೂ ನಡೆಸಬಹುದಾದ ಹೊಸ ಜಂಟಿ ಖಾತೆ ತೆರೆದರು. ಬಾಡಿಗೆಗೆ ಮಾತ್ರ. ಜುಲೈ 10ಕ್ಕೆ ನಂಬರ್ ಸಿಕ್ಕಿತು.

ಅಣ್ಣ ಬೆಂಗಳೂರಿನಲ್ಲಿ ಇರುವುದರಿಂದ ಇಷ್ಟು ಸುಲಭವಾಯಿತು. ನಮ್ಮಲ್ಲಿ ಮನೆಗೊಬ್ಬರು ಹೊರದೇಶದಲ್ಲಿ ಇರುತ್ತಾರೆ. ವಾರಸುದಾರರಲ್ಲಿ ಒಬ್ಬರು ಎನ್‌ಆರ್‌ಐ ಆದರೆ, ಅವರ ಪಾಲಿನ ಬಾಡಿಗೆಗೆ ಬಾಡಿಗೆದಾರರೇ ಟಿಡಿಎಸ್, ಅಂದರೆ ಕೊಡುವಾಗಲೇ ತೆರಿಗೆ, ಕಡಿಯಬೇಕಾಗುತ್ತದೆ, ಮೊತ್ತ ಸಣ್ಣದಾದರೂ. ಹಾಗಿದ್ದರೆ ಕಾಗದ ಬರೆಯುವ ಮೊದಲು ಸಿಎ ಒಬ್ಬರನ್ನು ಕಾಣಲೇಬೇಕು.

ಇನ್ನೊಂದು ಮಾತನ್ನು ಗಟ್ಟಿಯಾಗಿ ಹೇಳಬೇಕಾಯಿತು. ಅಪ್ಪನ ಫೋನ್ ಅವಳ ಹತ್ತಿರ ಇತ್ತು, ಯುಪಿಐ ಪಿನ್ನೂ ಗೊತ್ತಿತ್ತು. ಆ 11,000ವನ್ನು ಅದರಿಂದಲೇ ತೆಗೆಯಬಹುದಿತ್ತಲ್ಲ ಎಂದು ಮನೆಯಲ್ಲಿ ಯಾರೋ ಹೇಳಿದ್ದರಂತೆ. ತೀರಿದವರ ಪಿನ್ ಒತ್ತಿ ಹಣ ತೆಗೆಯುವ ಹಕ್ಕು ಮಗಳಿಗೂ ಇಲ್ಲ. ನಾಳೆ ಅಣ್ಣ ತಂಗಿಯ ನಡುವೆ ಒಂದು ಮಾತು ಬಂದರೆ ಮೊದಲು ಎದುರು ಬರುವುದು ಅದೇ ಎಂಟ್ರಿ. ಫೋನ್ ಇರಲಿ, ಸಿಮ್ಮೂ ಸ್ವಲ್ಪ ದಿನ ಚಾಲೂ ಇರಲಿ, ಕರೆ ಬಂದರೆ ಉತ್ತರಿಸಬಹುದು. ಪಿನ್ ಮಾತ್ರ ಮುಟ್ಟಬೇಡ ಎಂದೆ.

ಕಾಗದವನ್ನು ಅವಳೇ ಬರೆದಳು. ನಾನು ಮೂರು ಸಲ ತಿದ್ದಿದೆ. ಕೊನೆಗೆ ಉಳಿದದ್ದು ಹೀಗೆ, ಇದು ಟೈಲರ್‌ಗೆ ಕೊಟ್ಟ ಪ್ರತಿ:

"ಮಂಗಳೂರು, ಜುಲೈ 12

............ ಅವರಿಗೆ ನಮಸ್ಕಾರ.

ನಮ್ಮ ತಂದೆ ............ ಅವರು ಜೂನ್ 18ರಂದು ತೀರಿಕೊಂಡರು. ನಿಮಗೆ ಗೊತ್ತಿರುವ ವಿಷಯವೇ. ಆ ದಿನ ಅಂಗಡಿ ಮುಚ್ಚಿ ನಮ್ಮ ಜೊತೆ ನಿಂತಿರಿ. ಅಮ್ಮ ಅದನ್ನು ದಿನಾ ನೆನೆಯುತ್ತಾರೆ.

ಅಂಗಡಿ ಕೋಣೆ ಈಗಿನ ಹಾಗೆಯೇ ನಿಮ್ಮ ಬಾಡಿಗೆಯಲ್ಲಿ ಮುಂದುವರಿಯುತ್ತದೆ. ತಂದೆಯವರು ನಿಮ್ಮ ಜೊತೆ ಮಾಡಿಕೊಂಡ ಕರಾರಿನ ಮಾತು, ತಿಂಗಳ ಬಾಡಿಗೆ 8,000 ರೂಪಾಯಿ, ಯಾವುದೂ ಬದಲಾಗಿಲ್ಲ.

ನೀವು ಕೊಟ್ಟ ಅಡ್ವಾನ್ಸ್ ತಂದೆಯವರ ಪುಸ್ತಕದ ಪ್ರಕಾರ 75,000 ರೂಪಾಯಿ. ನೀವು ಕೋಣೆ ಬಿಡುವಾಗ ಅದನ್ನು ಹಿಂದೆ ಕೊಡುವ ಹೊಣೆ ಈಗ ನಮ್ಮದು. ನಿಮ್ಮ ಲೆಕ್ಕದಲ್ಲಿ ಬೇರೆ ಮೊತ್ತ ಇದ್ದರೆ ದಯವಿಟ್ಟು ಈ ತಿಂಗಳೊಳಗೆ ಹೇಳಿ. ಕೂತು ನೋಡಿ ಸರಿ ಮಾಡೋಣ.

ತಂದೆಯವರ ವಾರಸುದಾರರು ನಾವು ಮೂವರು: ನಮ್ಮ ಅಮ್ಮ, ಅಣ್ಣ ಮತ್ತು ನಾನು. ಬಾಡಿಗೆ ತೆಗೆದುಕೊಂಡು ರಶೀದಿ ಕೊಡುವ ಕೆಲಸವನ್ನು ಅಮ್ಮ ಮತ್ತು ನಾನು ಮಾಡುವುದೆಂದು ಮೂವರೂ ಒಪ್ಪಿದ್ದೇವೆ. ತಂದೆಯವರ ಕಾಯಿಲೆಯ ಸಮಯದಲ್ಲಿ ನಮ್ಮ ಚಿಕ್ಕಪ್ಪ ಈ ಕೆಲಸ ನೋಡಿಕೊಂಡರು, ಆ ಉಪಕಾರ ನಾವು ಮರೆಯುವುದಿಲ್ಲ. ಇನ್ನು ಮುಂದೆ ಬಾಡಿಗೆ ಹಣವನ್ನು ನಮ್ಮಿಬ್ಬರ ಹೊರತು ಯಾರಿಗೂ ಕೊಡಬೇಡಿ.

ಜುಲೈ ತಿಂಗಳ ಬಾಡಿಗೆಯಿಂದ, ಅಂದರೆ ಆಗಸ್ಟ್ 5ರೊಳಗೆ ಕೊಡುವುದರಿಂದ, ಹಣವನ್ನು ಕೆಳಗಿನ ಖಾತೆಗೆ ಹಾಕಿ. ಚೆಕ್ಕಾದರೆ ಅಮ್ಮನ ಹೆಸರಿಗೆ ಬರೆಯಿರಿ. ಯುಪಿಐ ಮಾಡುವುದಾದರೆ ಪರದೆಯ ಮೇಲೆ ಅಮ್ಮನ ಹೆಸರು ಬರುತ್ತದೆ. ಬೇರೆ ಹೆಸರು ಬಂದರೆ ಹಣ ಕಳಿಸಬೇಡಿ. ನಗದಾದರೆ ಮನೆಗೆ ಬಂದು ಅಮ್ಮನ ಕೈಗೆ ಕೊಟ್ಟು ಆಗಲೇ ರಶೀದಿ ತೆಗೆದುಕೊಳ್ಳಿ.

ತಂದೆಯವರ ಖಾತೆ ನಿಂತಿದೆ. ಅದಕ್ಕೂ, ಅವರ ಮೊಬೈಲ್ ನಂಬರಿಗೂ ಇನ್ನು ಹಣ ಹಾಕಬೇಡಿ. ಜೂನ್ ಬಾಡಿಗೆಗೆ ನೀವು ಕೊಟ್ಟ ಚೆಕ್ಕನ್ನು ಇದರ ಜೊತೆ ಹಿಂದೆ ಕೊಟ್ಟಿದ್ದೇವೆ. ಅದರ ಬದಲು ಅಮ್ಮನ ಹೆಸರಿಗೆ ಒಂದು ಚೆಕ್ ಕೊಡಿ. ಅವಸರ ಇಲ್ಲ, ಜುಲೈ 31ರೊಳಗೆ ಆದರೆ ಸಾಕು. ತಡವಾದದ್ದಕ್ಕೆ ನೀವು ಕಾರಣ ಅಲ್ಲ.

ಸೋರುವುದು, ಕರೆಂಟು, ನೀರಿನ ಪಂಪು ಏನೇ ಇದ್ದರೂ ನನಗೆ ಫೋನ್ ಮಾಡಿ.

ಈ ಕಾಗದದ ಬಗ್ಗೆ ಸಂಶಯ ಇದ್ದರೆ, ನಿಮ್ಮ ಹತ್ತಿರ ಮೊದಲಿನಿಂದ ಇರುವ ಅಮ್ಮನ ನಂಬರಿಗೆ ಕೇಳಿ, ಇಲ್ಲವೇ ಮನೆಗೆ ಬನ್ನಿ. ಮುಂದೆ ಖಾತೆ ಬದಲಾದರೆ ಹೀಗೆಯೇ ಮೂವರ ಸಹಿಯ ಕಾಗದ ಬರುತ್ತದೆ. ಫೋನಿನಲ್ಲಿ, ಮೆಸೇಜಿನಲ್ಲಿ ಯಾರು ಹೇಳಿದರೂ ನಂಬಬೇಡಿ, ನಾನೇ ಹೇಳಿದೆ ಎಂದರೂ.

ಮರಣ ಪತ್ರದ ಪ್ರತಿ ಜೊತೆಗಿದೆ."

ಕೆಳಗೆ ಮೂರು ಸಹಿ. ಅದರ ಕೆಳಗೆ ಖಾತೆಯ ವಿವರ.

ಅವಳ ಮೊದಲ ಕರಡಿನಲ್ಲಿ ಖಾತೆ ನಂಬರ್ ಎರಡನೇ ಸಾಲಿನಲ್ಲೇ ಇತ್ತು. ನಾನು ಅದನ್ನು ಕೆಳಗೆ ತಂದೆ. ಯಜಮಾನರು ಹೋದರು ಎಂದ ಕೂಡಲೇ ಬಾಡಿಗೆದಾರರ ತಲೆಯಲ್ಲಿ ಬರುವುದು ಎರಡೇ. ನಮ್ಮನ್ನು ಬಿಡಿಸುತ್ತಾರಾ? ನಮ್ಮ ಅಡ್ವಾನ್ಸ್ ಏನಾಯಿತು? ಟೀಚರ್‌ಗೆ ಈ ವಯಸ್ಸಿನಲ್ಲಿ ಬೇರೆ ಮನೆ ಹುಡುಕುವ ಭಯ. ಬಾಯಿ ಮಾತಿನ ಬಾಡಿಗೆ ಆದ್ದರಿಂದ ಆ ಭಯ ಇನ್ನೂ ಜಾಸ್ತಿ. ಕಾನೂನಿನಲ್ಲಿ ಮಾಲೀಕರ ಸಾವಿನಿಂದ ಬಾಡಿಗೆ ಮುರಿಯುವುದಿಲ್ಲ, ಹಕ್ಕು ಮತ್ತು ಹೊಣೆ ಎರಡೂ ವಾರಸುದಾರರಿಗೆ ಬರುತ್ತವೆ. ಆದರೆ ಅದು ಎಷ್ಟು ಜನರಿಗೆ ಗೊತ್ತು? ಈ ಎರಡು ಪ್ರಶ್ನೆಗೆ ಉತ್ತರ ಸಿಗುವವರೆಗೆ ಯಾರೂ ಖಾತೆ ನಂಬರನ್ನು ಸರಿಯಾಗಿ ಓದುವುದೇ ಇಲ್ಲ.

ಅಡ್ವಾನ್ಸ್ ಸಾಲಿಗೆ ಅಣ್ಣ ಒಪ್ಪಿರಲಿಲ್ಲ. "ನಾವೇ ಯಾಕೆ ಮೊತ್ತ ಬರೆದು ಸಿಕ್ಕಿಬೀಳಬೇಕು?" ಎಂದ. ಅಡ್ವಾನ್ಸ್ ಅಪ್ಪನ ಸಾಲ ಇದ್ದ ಹಾಗೆ. ಆಸ್ತಿ ತೆಗೆದುಕೊಂಡವರು, ತಮಗೆ ಬಂದ ಆಸ್ತಿಯ ಮಟ್ಟಿಗೆ, ಆ ಸಾಲವನ್ನೂ ತೀರಿಸಬೇಕು. ಬರೆದರೂ ಬರೆಯದಿದ್ದರೂ ಹೊಣೆ ತಪ್ಪದು. ಈಗ ಬರೆದರೆ ಲೆಕ್ಕ ತಾಜಾ ಇರುವಾಗಲೇ ಮುಗಿಯುತ್ತದೆ. ಹತ್ತು ವರ್ಷ ಬಿಟ್ಟು, ಪುಸ್ತಕವೂ ಕಳೆದುಹೋದ ಮೇಲೆ ಜಗಳ ಆಡುವುದಕ್ಕಿಂತ ಇದು ಲೇಸು. ಪುಸ್ತಕದ ಪ್ರಕಾರ ಒಟ್ಟು ಅಡ್ವಾನ್ಸ್ 1,85,000. ಅಷ್ಟು ಹಣ ತಮ್ಮ ತಲೆಯ ಮೇಲಿದೆ ಎಂದು ಆ ದಿನವೇ ಮೂವರಿಗೂ ಗೊತ್ತಾಯಿತು.

ಕಾಗದದಲ್ಲಿ ಬೇಕೆಂದೇ ಬಿಟ್ಟದ್ದೂ ಉಂಟು. ಬಾಡಿಗೆ ಏರಿಸುವ ಮಾತು. ಟೀಚರ್ ಮನೆಯ 6,500 ಈಗಿನ ದರಕ್ಕೆ ಕಡಿಮೆ, ನಿಜ. ಆದರೆ ಸಾವಿನ ಸುದ್ದಿ ಮತ್ತು ಏರಿಕೆ ಒಂದೇ ಹಾಳೆಯಲ್ಲಿ ಬರಬಾರದು. ಅದು ಬೇರೆ ದಿನದ, ಬೇರೆ ಮಾತುಕತೆ. ಅಪ್ಪನ ಕಾಯಿಲೆಯ ವಿವರವೂ ಬೇಡ ಎಂದೆ, ಅದು ಮನೆಯವರದ್ದು. ಪ್ಯಾನ್ ನಂಬರನ್ನೂ ಎಲ್ಲರಿಗೂ ಹೋಗುವ ಕಾಗದದಲ್ಲಿ ಹಾಕಲಿಲ್ಲ. ಮೇಲಿನ ಮನೆಯ ಹುಡುಗನಿಗೆ ಮಾತ್ರ ಅದು ಬೇಕು. ಅವನ ಬಾಡಿಗೆ ವರ್ಷಕ್ಕೆ 1,32,000. ವರ್ಷಕ್ಕೆ 1 ಲಕ್ಷ ದಾಟಿದರೆ ಎಚ್‌ಆರ್‌ಎ, ಅಂದರೆ ಸಂಬಳದಲ್ಲಿ ಬರುವ ಮನೆ ಬಾಡಿಗೆ ಭತ್ಯೆಗೆ ತೆರಿಗೆ ವಿನಾಯಿತಿ, ಕೇಳುವಾಗ ಮಾಲೀಕರ ಪ್ಯಾನ್ ಕೊಡಬೇಕು. ಅಪ್ಪನ ಪ್ಯಾನನ್ನೇ ವರ್ಷವಿಡೀ ಬರೆದರೆ ತೀರಿದವರ ಹೆಸರಿನಲ್ಲಿ ಆದಾಯ ಕಾಣುತ್ತದೆ. ಅವನಿಗೆ ಬೇರೆ ಚೀಟಿಯಲ್ಲಿ ಮೂವರ ಪ್ಯಾನ್ ಬರೆದು, ಜೂನ್ 18ರ ಆಚೆಗೆ ಇವು ಎಂದು ಕೊಟ್ಟರು. ಅದೇ ಚೀಟಿಯಲ್ಲಿ "ಜೂನ್ ಬಾಡಿಗೆ 11,000 ತಂದೆಯವರ ಖಾತೆಗೆ ಸಂದಿದೆ, ಅದು ಪಾವತಿಯಾದಂತೆಯೇ" ಎಂಬ ಸಾಲೂ ಇತ್ತು.

ಗಲ್ಫ್‌ನವರಿಗೆ ಅದೇ ಕಾಗದ ಹೋಗಲಿಲ್ಲ. "ನಿಮಗೆ ಗೊತ್ತಿರುವ ವಿಷಯವೇ" ಎಂಬ ಸಾಲು ಅವರಿಗೆ ಇನ್ನೊಂದು ಪೆಟ್ಟು. ಅಲ್ಲಿ ಅವಳು ಬರೆದದ್ದು: "ಈ ಸುದ್ದಿ ನಮ್ಮ ಬಾಯಿಯಿಂದ ನಿಮಗೆ ಮೊದಲು ತಲುಪಬೇಕಿತ್ತು. ತಲುಪಲಿಲ್ಲ. ನಮ್ಮದೇ ತಪ್ಪು, ಕ್ಷಮಿಸಿ." ಅದನ್ನು ನಾನು ತಿದ್ದಲಿಲ್ಲ. ಮೊದಲು ಅಮ್ಮ ಅವರಿಗೆ ಫೋನ್ ಮಾಡಿ ಮಾತಾಡಿದರು, ಆಮೇಲೆ ಕಾಗದದ ಸ್ಕ್ಯಾನ್ ಇಮೇಲಿನಲ್ಲಿ ಹೋಯಿತು. ಹಳೇ ಖಾತೆಗೆ ತನ್ನಷ್ಟಕ್ಕೆ ಹೋಗುವ ಆದೇಶವನ್ನು ರದ್ದು ಮಾಡಿ ಹೊಸದು ಹಾಕಲು ನೆನಪಿಸಿದರು. ರದ್ದು ಮಾಡದಿದ್ದರೆ ಅದು ತಿಂಗಳು ತಿಂಗಳು ಹೋಗಿ ವಾಪಸ್ ಬರುತ್ತಲೇ ಇರುತ್ತದೆ.

ಉಳಿದ ಮೂರು ಕಾಗದವನ್ನು ಜುಲೈ 13ರ ಭಾನುವಾರ ಕೈಯಲ್ಲೇ ಕೊಟ್ಟರು. ಚಿಕ್ಕಪ್ಪನೂ ಜೊತೆಗೆ ಬರಲಿ ಎಂದು ನಾನು ಹೇಳಿದ್ದೆ. ಅವರಿಗೆ ಬೇಸರವಾಗಬಹುದೆಂದು ಅವಳಿಗೆ ಅಳುಕು. ಆದರೆ ಕಾಗದ ಓದಿ ಅವರೇ ಕೊಡೆ ಹಿಡಿದು ಮುಂದೆ ಹೊರಟರು. ಟೈಲರ್ ಅಂಗಡಿಯಲ್ಲಿ ತುಳುವಿನಲ್ಲಿ ಅವರೇ ಎಲ್ಲ ವಿವರಿಸಿದರು. ಯಾರ ಹತ್ತಿರ ಕೊಡಬೇಕು ಎಂಬ ಟೈಲರ್ ಗೊಂದಲ ಅಲ್ಲಿಗೇ ಮುಗಿಯಿತು. ಪ್ರತಿಯೊಬ್ಬರ ಹತ್ತಿರವೂ ಇನ್ನೊಂದು ಪ್ರತಿಯಲ್ಲಿ "ಕಾಗದ ತಲುಪಿದೆ" ಎಂದು ತಾರೀಕು ಹಾಕಿಸಿ ಸಹಿ ಪಡೆದರು. ಮುಂದೆ ಯಾರಾದರೂ ಗೊತ್ತಿರಲಿಲ್ಲ ಎಂದರೆ ಈ ಸಹಿಯೇ ಉತ್ತರ. ಬಾಡಿಗೆದಾರರ ಹತ್ತಿರ ಇರುವ ಮೂವರ ಸಹಿಯ ಕಾಗದವೂ ಅವರಿಗೆ ಹಾಗೆಯೇ.

ಅಂದೇ ಸಂಜೆ ಟೈಲರ್ ಮನೆಗೆ ಬಂದರು. "ನನ್ನದು ಒಂದು ಲಕ್ಷ ಅಲ್ವಾ ಮಾರಾಯ್ರೆ" ಎಂದು ಮೆಲ್ಲಗೆ ಹೇಳಿದರು. ಬಾವಿಗೆ ಹೊಸ ಪಂಪ್ ಹಾಕಿಸುವಾಗ ಅಪ್ಪ ಇನ್ನೊಂದು 25,000 ಕೇಳಿದ್ದರಂತೆ, ಅಡ್ವಾನ್ಸಿಗೆ ಸೇರಿಸುತ್ತೇನೆ ಎಂದು. ಕಾಗದಪತ್ರ ಏನೂ ಇಲ್ಲ. ಅಣ್ಣನ ಮುಖ ಬಿಗಿಯಾಯಿತಂತೆ. ಅಮ್ಮ ಪುಸ್ತಕ ತರಿಸಿದರು. ಎಲ್ಲ ಪುಟ ನೋಡಿದರೂ ಇಲ್ಲ. ಕೊನೆಗೆ ಹಿಂದಿನ ರಟ್ಟಿನ ಒಳಬದಿಯಲ್ಲಿ, ಪಂಪಿನ ಮೆಕ್ಯಾನಿಕ್‌ನ ಫೋನ್ ನಂಬರಿನ ಕೆಳಗೆ, ಅಪ್ಪನ ಸಣ್ಣ ಅಕ್ಷರದಲ್ಲಿ ಪೆನ್ಸಿಲಿನಿಂದ ಬರೆದದ್ದು ಸಿಕ್ಕಿತು: "ಟೈಲರ್ 25000 ಸೇರಿದೆ." ಮರುದಿನ ಅವಳು ಒಂದು ತಿದ್ದುಪಡಿ ಚೀಟಿ ಬರೆದಳು, ಅಡ್ವಾನ್ಸ್ 1,00,000 ಎಂದು. ಮೂವರೂ ಸಹಿ ಹಾಕಿದರು. ಒಟ್ಟು ಹೊಣೆ 2,10,000 ಆಯಿತು.

ಆಗಸ್ಟ್ 5ಕ್ಕೆ ನಾಲ್ಕೂ ಬಾಡಿಗೆ ಬಂತು. ಮೇಲಿನ ಮನೆಯ ಹುಡುಗ ಮೊದಲು 1 ರೂಪಾಯಿ ಕಳಿಸಿ, ಅಮ್ಮನಿಗೆ ಫೋನ್ ಮಾಡಿ ಕೇಳಿ, ಆಮೇಲೆ 10,999 ಹಾಕಿದ. ಗಲ್ಫ್‌ನವರು ಜೂನ್, ಜುಲೈ ಎರಡನ್ನೂ ಒಟ್ಟಿಗೆ ಕಳಿಸಿದರು. ಟೈಲರ್ ಜೂನಿನ ಚೆಕ್ಕನ್ನು ಜುಲೈಯಲ್ಲೇ ಬದಲಿಸಿದ್ದರು. ಈ ಎಲ್ಲದಕ್ಕೆ ಬ್ಯಾಂಕಿನಲ್ಲಿ ದಾಖಲೆ ಉಂಟು.

ಇನ್ನೂ ಆಗದ ಕೆಲಸಗಳೂ ಇವೆ. ಪಾಲಿಕೆಯಲ್ಲಿ ಆಸ್ತಿಯ ಖಾತೆ ಬದಲಾವಣೆಗೆ ವಂಶವೃಕ್ಷ ಬೇಕು, ನಾಡಕಚೇರಿಗೆ ಅರ್ಜಿ ಹೋಗಿದೆ. ಮೆಸ್ಕಾಂ ಮೀಟರ್ ಇನ್ನೂ ಅಪ್ಪನ ಹೆಸರಿನಲ್ಲೇ ಇದೆ. ಮೇಲಿನ ಮನೆಯ ಕರಾರು ಮುಗಿಯುವಾಗ ಹೊಸದನ್ನು ಮೂವರ ಹೆಸರಿನಲ್ಲಿ ಬರೆಯಬೇಕು. ಬಾಡಿಗೆ ತೆಗೆದುಕೊಳ್ಳಲು ಇವೆಲ್ಲ ಮುಗಿಯುವವರೆಗೆ ಕಾಯಬೇಕಾಗಿಲ್ಲ. ಹಲವರು ಖಾತೆ ಆಗಲಿ ಎಂದು ತಿಂಗಳುಗಟ್ಟಲೆ ಸುಮ್ಮನಿದ್ದು ಬಾಡಿಗೆ ಬಾಕಿ ಬೆಳೆಸಿಕೊಳ್ಳುತ್ತಾರೆ.

ಟೀಚರ್ ಯುಪಿಐ ಬೇಡ ಎಂದರು. ಆಗಸ್ಟ್ 5ರ ಸಂಜೆ ಎಂದಿನಂತೆ ಕವರ್ ಹಿಡಿದು ಬಂದರು. ಈ ಸಲ ಅಮ್ಮ ಎಣಿಸಿ, ರಶೀದಿ ಬರೆದು, 5,000 ದಾಟಿದ ನಗದಾದ್ದರಿಂದ 1 ರೂಪಾಯಿಯ ರೆವೆನ್ಯೂ ಸ್ಟಾಂಪ್ ಅಂಟಿಸಿ ಸಹಿ ಮಾಡಿದರು. ಕಪಾಟಿನಲ್ಲಿದ್ದ ಜೂನ್ ತಿಂಗಳ ಹಣಕ್ಕೂ ಅವತ್ತೇ ಇನ್ನೊಂದು ರಶೀದಿ. ಆಮೇಲೆ ಅಪ್ಪನ ಪುಸ್ತಕ ತೆಗೆದರು. ಮೇ ತಿಂಗಳ ಸಾಲು ಅಪ್ಪನ ಕೈಬರಹದಲ್ಲಿತ್ತು, ಆಸ್ಪತ್ರೆಯಲ್ಲಿ ಕೂತು ಬರೆದದ್ದು, ಅಕ್ಷರ ಸ್ವಲ್ಪ ಓರೆ. ಅದರ ಕೆಳಗೆ ಅಮ್ಮ ಜೂನ್ ಎಂದು ಬರೆದರು. ಟೀಚರ್ ಕನ್ನಡಕ ಹಾಕಿಕೊಂಡು ನೋಡಿ, "ಸಾಲು ಬಿಡಬೇಡಿ, ಅದರ ಕೆಳಗೇ ಬರೀರಿ" ಎಂದರು.